‘ಮನೇಲಿ ಒಪ್ತಿಲ್ಲ’ ಅಂತ ಮಾತ್ರ ಹೇಳಬೇಡಿ

ಪ್ರಶ್ನೆ: ನನಗೆ 29 ವರ್ಷ. ಜಯನಗರದಲ್ಲಿ ಪಿಜಿಯಲ್ಲಿದ್ದೇನೆ. ನಾಲ್ಕು ವರ್ಷದಿಂದ ಒಬ್ಬನನ್ನು ಪ್ರೀತಿಸುತ್ತಿದ್ದೆ. ಅವನು ರಾಜಾಜಿನಗರದಲ್ಲಿ ಗೆಳೆಯನ ಜೊತೆ ಮನೆ ಮಾಡಿಕೊಂಡಿದ್ದಾನೆ. ತುಂಬಾ ಒಳ್ಳೆಯವನು, ಒಂದು ದಿನವೂ ಗದರಿದವನಲ್ಲ. ಆದರೆ ಒಂದು ವರ್ಷದಿಂದ ನನ್ನ ಮನಸ್ಸು ಅಲ್ಲಿಲ್ಲ. ಅವನನ್ನು ಮದುವೆಯಾಗುವುದಿಲ್ಲ ಅಂತ ತೀರ್ಮಾನ ಮಾಡಿ ಎರಡು ತಿಂಗಳಾಯಿತು. ಹೇಳೋಕೆ ಬಾಯಿ ಬರುತ್ತಿಲ್ಲ. ಮುಂದಿನ ತಿಂಗಳ ಕೊನೆಗೆ ಹಾಸನದಲ್ಲಿ ಅವನ ತಂಗಿ ಮದುವೆ. ಅವರಮ್ಮ ನನಗೂ ಒಂದು ಸೀರೆ ತೆಗೆದಿಟ್ಟಿದ್ದಾರೆ, ಅಳತೆ ಬ್ಲೌಸ್ ಕಳಿಸು ಅಂತ ಫೋನ್ ಮಾಡ್ತಾ ಇದ್ದಾರೆ. ಅವನಿಂದ ತಗೊಂಡ 40 ಸಾವಿರ ಸಾಲವೂ ಬಾಕಿ ಇದೆ. ‘ಮನೇಲಿ ಒಪ್ತಿಲ್ಲ ಅಂತ ಹೇಳಿಬಿಡು, ಅದೇ ಸುಲಭ’ ಅಂತಾಳೆ ನನ್ನ ಗೆಳತಿ. ಅವನಿಗೆ ನೋವಾಗದ ಹಾಗೆ ಹೇಗೆ ಹೇಳಲಿ?

— ಹೆಸರು ಬೇಡ, ಬೆಂಗಳೂರು

ಉತ್ತರ: ನೋವಾಗದ ಹಾಗೆ ಹೇಳುವ ದಾರಿ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಆಪ್ತಸಮಾಲೋಚನೆಗೆ ನನ್ನ ಬಳಿ ಬರುವವರಲ್ಲಿ ಎಷ್ಟೋ ಜನ ಈ ಆಸೆಯಿಂದಲೇ ಎದುರಿನವರಿಗೆ ಜಾಸ್ತಿ ನೋವು ಕೊಟ್ಟಿರುತ್ತಾರೆ. ನೋವಾಗಬಾರದು ಅಂತ ಮಾತನ್ನು ಮೆತ್ತಗೆ ಮಾಡುತ್ತಾ ಹೋಗುತ್ತಾರೆ. ಕೊನೆಗೆ ಕೇಳಿದವರಿಗೆ ಸಂಬಂಧ ಮುಗಿಯಿತು ಅಂತಲೇ ಗೊತ್ತಾಗಿರುವುದಿಲ್ಲ. ಅವರು ಮನೆಗೆ ಹೋಗಿ, ಆಡಿದ ಒಂದೊಂದು ಮಾತನ್ನೂ ತಿರುಗಿಸಿ ನೋಡಿ, ಎಲ್ಲಾದರೂ ಒಂದೆಳೆ ಆಸೆ ಸಿಗುತ್ತಾ ಅಂತ ಹುಡುಕುತ್ತಾರೆ. ಹುಡುಕಿದರೆ ಸಿಕ್ಕೇ ಸಿಗುತ್ತದೆ. ನಿಮ್ಮ ಗೆಳೆಯನಿಗೆ ನೋವು ಆಗುತ್ತದೆ. ಅದು ಒಂದೇ ಸಲ ಆಗಲಿ, ಅದರ ಜೊತೆ ಅವಮಾನ ಮತ್ತು ಗೊಂದಲ ಸೇರದಿರಲಿ. ನಿಮ್ಮ ಕೈಯಲ್ಲಿರುವುದು ಅಷ್ಟು.

1993ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ರಾಯ್ ಬಾಮೈಸ್ಟರ್ ಮತ್ತು ಅವರ ಸಂಗಡಿಗರು ಒಂದು ಅಧ್ಯಯನ ಪ್ರಕಟಿಸಿದರು. ಪ್ರೀತಿಸಿ ತಿರಸ್ಕಾರಕ್ಕೆ ಒಳಗಾದವರ ಅನುಭವವನ್ನೂ, ಬೇರೆಯವರ ಪ್ರೀತಿಯನ್ನು ಬೇಡ ಅಂದವರ ಅನುಭವವನ್ನೂ ಬರೆಸಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಬೇಡ ಅಂದವರ ಬರಹದಲ್ಲಿ ತಪ್ಪಿತಸ್ಥ ಭಾವ ತುಂಬಿತ್ತು. ಏನು ಹೇಳಬೇಕು, ಹೇಗೆ ನಡೆದುಕೊಳ್ಳಬೇಕು ಅಂತ ಗೊತ್ತಾಗದೆ ತೊಳಲಾಡಿದ್ದರು. ತಿರಸ್ಕಾರಕ್ಕೆ ಒಳಗಾದವರು ಬರೆದದ್ದು ಬೇರೆಯೇ: ನನಗೆ ಆಸೆ ಹುಟ್ಟಿಸಿದರು, ಬೇಡ ಅಂತ ಯಾವತ್ತೂ ಬಿಡಿಸಿ ಹೇಳಲೇ ಇಲ್ಲ. ಅದು ಒಮ್ಮುಖ ಪ್ರೀತಿಯ ಬಗ್ಗೆ ನಡೆದ ಅಧ್ಯಯನ, ನಾಲ್ಕು ವರ್ಷದ ಸಂಬಂಧದ ಬಗ್ಗೆ ಅಲ್ಲ. ಆದರೂ ನನ್ನ ಎದುರು ಕೂತು ಅತ್ತವರು ಹೇಳುವುದೂ ಹೆಚ್ಚುಕಡಿಮೆ ಇದನ್ನೇ. ‘ಬಿಟ್ಟು ಹೋಗಿದ್ದಕ್ಕಲ್ಲ ಮೇಡಂ, ಆರು ತಿಂಗಳು ಸುಮ್ನೆ ಕಾಯಿಸಿದ್ದಕ್ಕೆ ಸಿಟ್ಟು’ ಅನ್ನುತ್ತಾರೆ.

ಈಗ ನಿಮ್ಮ ಗೆಳತಿಯ ಸಲಹೆಗೆ ಬರೋಣ. ‘ಮನೇಲಿ ಒಪ್ತಿಲ್ಲ’ ಅನ್ನುವುದು ನಮ್ಮಲ್ಲಿ ಸಂಬಂಧ ಮುಗಿಸಲು ಬಳಸುವ ಅತಿ ಹಳೆಯ ನೆಪ. ಸುಲಭ ಯಾಕೆ ಅಂತ ಗೊತ್ತು. ತಪ್ಪು ನಿಮ್ಮದಾಗುವುದಿಲ್ಲ, ಅವರದೂ ಆಗುವುದಿಲ್ಲ. ಇಬ್ಬರೂ ಸೇರಿ ಅತ್ತು ಬೇರೆಯಾಗಬಹುದು. ಆದರೆ ಅದನ್ನು ಕೇಳಿಸಿಕೊಳ್ಳುವ ಕಡೆಯಿಂದ ಯೋಚಿಸಿ. ಅವರ ಕಿವಿಗೆ ಬೀಳುವುದು ‘ಅವಳಿಗೆ ನಾನು ಬೇಕು, ಅಡ್ಡ ಇರುವುದು ಅಪ್ಪ ಅಮ್ಮ’ ಅಂತ. ನಿಜವಾಗಿ ಪ್ರೀತಿಸುವವರು ಅಡ್ಡಿಯನ್ನು ನೋಡಿ ವಾಪಸ್ ಹೋಗುತ್ತಾರಾ? ಅದನ್ನು ದಾಟಲು ನೋಡುತ್ತಾರೆ.

ಒಬ್ಬ ಹುಡುಗಿಯ ವಿಷಯ ಹೇಳುತ್ತೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಅವಳ ಗೆಳೆಯನಿಗೆ ಮನಸ್ಸು ಮುರಿದಿತ್ತು. ಅದನ್ನು ಹೇಳಲಾಗದೆ ‘ಅಮ್ಮ ಒಪ್ಪಲ್ಲ, ಕೆಲಸಕ್ಕೆ ಹೋಗೋ ಸೊಸೆ ಬೇಡ ಅಂತಾರೆ’ ಅಂದ. ಅವಳು ಬೇಜಾರು ಮಾಡಿಕೊಂಡು ಸುಮ್ಮನಾಗಲಿಲ್ಲ. ರಾತ್ರಿ ಪಾಳಿ ಬಿಟ್ಟು ಕಡಿಮೆ ಸಂಬಳದ ಹಗಲು ಕೆಲಸಕ್ಕೆ ಸೇರಿದಳು. ಅವನ ಅಕ್ಕನನ್ನು ಭೇಟಿ ಮಾಡಿ ಅಮ್ಮನ ಹತ್ತಿರ ಮಾತಾಡಿಸಿದಳು. ಕೊನೆಗೆ ಆ ತಾಯಿ ‘ನಾನು ಯಾವಾಗ ಬೇಡ ಅಂದೆ?’ ಅಂದುಬಿಟ್ಟರು. ಅಷ್ಟು ಹೊತ್ತಿಗೆ ಹೆಚ್ಚೂಕಡಿಮೆ ಒಂದು ವರ್ಷ ಕಳೆದಿತ್ತು. ಅವಳಿಗೆ ಆಗ ಹೋದದ್ದು ಸಂಬಂಧ ಮಾತ್ರ ಅಲ್ಲ. ಹಿಂದಿನ ಮೂರು ವರ್ಷದಲ್ಲಿ ಅವನು ಹೇಳಿದ ಯಾವ ಮಾತು ನಿಜ, ಯಾವುದು ಸುಳ್ಳು ಅಂತ ಲೆಕ್ಕ ಹಾಕುತ್ತಾ ಕೂತಳು. ಈ ಲೆಕ್ಕ ಬಹಳ ಕ್ರೂರವಾದದ್ದು. ಅದಕ್ಕೆ ಕಾರಣ ಅವನ ಕೆಟ್ಟತನವಲ್ಲ, ‘ಸುಲಭ’ದ ಒಂದು ಮಾತು.

ನಿಮ್ಮ ವಿಷಯದಲ್ಲೂ ಹೀಗೇ ಆಗಬಹುದು. ಅವರಮ್ಮ ಇಷ್ಟು ಹಚ್ಚಿಕೊಂಡಿರುವಾಗ, ‘ನಾವೇ ಬಂದು ನಿಮ್ಮಪ್ಪನ ಹತ್ತಿರ ಮಾತಾಡ್ತೀವಿ’ ಅಂತ ಹಾಸನದಿಂದ ಹಿರಿಯರನ್ನು ಕರೆದುಕೊಂಡು ನಿಮ್ಮ ಊರಿಗೆ ಹೊರಟರೆ ಏನು ಮಾಡುತ್ತೀರಿ? ಏನೂ ಗೊತ್ತಿಲ್ಲದ ನಿಮ್ಮ ಅಪ್ಪ ಅಮ್ಮ ಬಾಗಿಲಲ್ಲಿ ನಿಂತು ಏನು ಹೇಳಬೇಕು?

ಹಾಗಾದರೆ ಏನು ಕಾರಣ ಕೊಡಬೇಕು? ಬಾಯಿಗೆ ಬಂದ ಕಾರಣವನ್ನು ಹೇಳುವ ಮುಂಚೆ ನಿಮಗೆ ನೀವೇ ಒಂದು ಪ್ರಶ್ನೆ ಕೇಳಿಕೊಳ್ಳಿ: ಅವರು ಇದನ್ನು ಸರಿಮಾಡಿಕೊಂಡು ಬಂದರೆ ನಾನು ವಾಪಸ್ ಹೋಗುತ್ತೇನಾ? ‘ನೀನು ನನಗೆ ಟೈಮ್ ಕೊಡಲ್ಲ’ ಅಂದರೆ ನಾಳೆಯಿಂದ ಕೊಡುತ್ತಾರೆ. ‘ಕೆಲಸದ ಒತ್ತಡ ಜಾಸ್ತಿ, ಈಗ ಯಾವುದಕ್ಕೂ ಮನಸ್ಸಿಲ್ಲ’ ಅಂದರೆ ಒತ್ತಡ ಕಡಿಮೆ ಆಗುವವರೆಗೆ ಕಾಯುತ್ತಾರೆ. ‘ನಿನಗೆ ನನಗಿಂತ ಒಳ್ಳೆಯ ಹುಡುಗಿ ಸಿಗ್ತಾಳೆ’ ಅಂದರೆ ‘ನನಗೆ ನೀನೇ ಸಾಕು’ ಅನ್ನುತ್ತಾರೆ. ವಾಪಸ್ ಹೋಗುವುದಿಲ್ಲ ಅಂತಾದರೆ ಅದು ನಿಮ್ಮ ಕಾರಣವಲ್ಲ. ಅದನ್ನು ಹೇಳಬೇಡಿ.

ನಿಮ್ಮ ನಿಜವಾದ ಕಾರಣವನ್ನು ನೀವೇ ಪತ್ರದಲ್ಲಿ ಬರೆದಿದ್ದೀರಿ, ಮನಸ್ಸು ಅಲ್ಲಿಲ್ಲ ಅಂತ. ಅದನ್ನೇ ಹೇಳಿ. ‘ನಿನ್ನ ಮೇಲೆ ನನಗಿದ್ದ ಪ್ರೀತಿ ಈಗ ಇಲ್ಲ. ನಿನ್ನನ್ನ ಮದುವೆ ಆಗೋಕೆ ನನಗೆ ಮನಸ್ಸಿಲ್ಲ.’ ಕೇಳೋಕೆ ಕಠಿಣ ಅನಿಸುತ್ತೆ, ಅಲ್ವಾ? ಆದರೆ ಇದರಲ್ಲಿ ಅವರ ಸ್ವಭಾವದ ಮೇಲೆ ಒಂದು ಆರೋಪವೂ ಇಲ್ಲ, ಅವರು ರಿಪೇರಿ ಮಾಡಬೇಕಾದದ್ದು ಏನೂ ಇಲ್ಲ. ಕಾರಣ ಒಂದೇ ಇರಲಿ. ನಾಲ್ಕು ವರ್ಷದ ಸಣ್ಣಪುಟ್ಟ ಕುಂದುಗಳ ಪಟ್ಟಿ ತೆಗೆಯಬೇಡಿ. ಪಟ್ಟಿ ತೆಗೆದರೆ ಒಂದೊಂದಕ್ಕೂ ಉತ್ತರ ಬರುತ್ತದೆ, ವಾದ ಶುರುವಾಗುತ್ತದೆ. ಆಮೇಲೆ ಆ ಪಟ್ಟಿಯನ್ನು ಅವರು ವರ್ಷಗಟ್ಟಲೆ ಹೊತ್ತು ತಿರುಗುತ್ತಾರೆ.

ಯಾವಾಗ ಹೇಳಬೇಕು ಅನ್ನುವುದು ನಿಮ್ಮ ವಿಷಯದಲ್ಲಿ ಕಷ್ಟದ ಪ್ರಶ್ನೆ. ತಂಗಿ ಮದುವೆ ಮುಗಿಯಲಿ, ಆಮೇಲೆ ಹೇಳೋಣ ಅಂತ ನಿಮಗೆ ಅನಿಸಿರಬೇಕು. ಶುಭಕಾರ್ಯದ ಮನೆಯಲ್ಲಿ ಯಾಕೆ ನೋವು ಅಂತ ನಿಮ್ಮ ಒಳ್ಳೆಯತನವೇ ಹೇಳುತ್ತಿರುತ್ತದೆ. ಆದರೆ ಮುಂದಕ್ಕೆ ನಡೆಯುವುದನ್ನು ಕಣ್ಣ ಮುಂದೆ ತಂದುಕೊಳ್ಳಿ. ಚಪ್ಪರದ ದಿನವೇ ನೀವು ಆ ಮನೆಯಲ್ಲಿರುತ್ತೀರಿ. ಅವರಮ್ಮ ತೆಗೆದ ಸೀರೆ ಉಟ್ಟಿರುತ್ತೀರಿ. ಛತ್ರದಲ್ಲಿ ನೆಂಟರು ‘ಇವಳೇನಾ ನಿಮ್ಮ ಹುಡುಗನ ಹುಡುಗಿ?’ ಅಂತ ಕೇಳುತ್ತಾರೆ, ಅವರು ಹೆಮ್ಮೆಯಿಂದ ಹೂಂ ಅನ್ನುತ್ತಾರೆ. ಮನೆಯವರ ಫೋಟೋದಲ್ಲಿ ನೀವೂ ಇರುತ್ತೀರಿ. ಎರಡು ವಾರ ಬಿಟ್ಟು ನೀವು ವಿಷಯ ಹೇಳುತ್ತೀರಿ. ಆಗ ಅವರು ಕೇಳುವ ಮೊದಲ ಪ್ರಶ್ನೆ ‘ಮದುವೆಗೆ ಬಂದಾಗಲೂ ನಿನಗೆ ಇದು ಗೊತ್ತಿತ್ತಾ?’ ಅಂತ. ಹೌದು ಅನ್ನದೆ ಬೇರೆ ದಾರಿ ಇಲ್ಲ. ಅವರೊಬ್ಬರ ನೋವು ಇಡೀ ಮನೆಯ ಅವಮಾನವಾಗುತ್ತದೆ.

ಆದ್ದರಿಂದ ಮದುವೆಗೆ ಮುಂಚೆ ಹೇಳಿ, ಅದೂ ಬೇಗ. ಇನ್ನೂ ಐದಾರು ವಾರ ಇದೆ. ಈ ಶನಿವಾರ ಹೇಳಿದರೆ, ಮೊದಲ ಏಟು ಸ್ವಲ್ಪ ಕಡಿಮೆಯಾದ ಮೇಲೆ ಅವರು ತಂಗಿಯ ಪಕ್ಕ ನಿಲ್ಲುತ್ತಾರೆ. ಮದುವೆಗೆ ಒಂದೇ ವಾರ ಉಳಿದಿದ್ದರೆ ನನ್ನ ಸಲಹೆ ಬೇರೆ ಇರುತ್ತಿತ್ತು. ಏನಾದರೂ ಕಾರಣ ಹೇಳಿ ಮದುವೆಗೆ ಹೋಗದೆ ಇರಿ, ಮುಗಿದ ಎರಡು ಮೂರು ದಿನಕ್ಕೆ ಹೇಳಿ ಅನ್ನುತ್ತಿದ್ದೆ. ಅಳತೆ ಬ್ಲೌಸ್ ಕಳಿಸಬೇಡಿ. ಅವರಮ್ಮ ಮತ್ತೆ ಫೋನ್ ಮಾಡಿದರೆ ‘ಒಂದೆರಡು ದಿನ ಬಿಟ್ಟು ಹೇಳ್ತೀನಿ ಆಂಟಿ’ ಅನ್ನಿ, ಅಷ್ಟೇ. ಮಗನಿಗೆ ಗೊತ್ತಾಗುವ ಮುಂಚೆ ತಾಯಿಗೆ ಸುಳಿವು ಸಿಗಬಾರದು.

ಶನಿವಾರ ಬೆಳಿಗ್ಗೆ ಒಳ್ಳೆಯದು. ಭಾನುವಾರ ರಾತ್ರಿ ಬೇಡ, ಮರುದಿನ ಅವರು ಆಫೀಸಿನಲ್ಲಿ ಮುಖ ತೋರಿಸಬೇಕಾಗುತ್ತದೆ. ಜಾಗ ಅವರ ಮನೆಯೇ ಆಗಲಿ, ಜೊತೆಗಿರುವ ಗೆಳೆಯ ಇಲ್ಲದ ಹೊತ್ತಿನಲ್ಲಿ. ಹೋಟೆಲು, ಕಾಫಿ ಅಂಗಡಿ ಬೇಡ. ಪಕ್ಕದ ಟೇಬಲ್‌ನವರು ನೋಡುತ್ತಾರೆ ಅಂತ ಅಳುವನ್ನು ಗಂಟಲಲ್ಲೇ ತಡೆಯುವ ಸ್ಥಿತಿ ಯಾರಿಗೂ ಬರಬಾರದು. ನಿಮ್ಮ ಪಿಜಿಯೂ ಬೇಡ. ಅಲ್ಲಿ ಕೂತು ಮಾತಾಡುವ ಜಾಗ ಇಲ್ಲ, ಆಮೇಲೆ ಎದ್ದು ಹೋಗಬೇಕಾದವರು ಅವರಾಗುತ್ತಾರೆ. ಅವರ ಮನೆಯಾದರೆ ಅವರು ಇದ್ದಲ್ಲೇ ಇರಬಹುದು, ಎದ್ದು ಬರುವವರು ನೀವು.

ಇನ್ನೊಂದು ಸಣ್ಣ ವಿಷಯ, ಆದರೆ ಈ ಊರಲ್ಲಿ ಮುಖ್ಯ. ಅವರ ಬೈಕಿನಲ್ಲಿ ಹೋಗಬೇಡಿ, ಬರಬೇಡಿ. ಲಾಲ್‌ಬಾಗಿನಲ್ಲಿ ಕೂತು ಎಲ್ಲಾ ಹೇಳಿ ಮುಗಿಸಿ, ಆಮೇಲೆ ‘ಬಾ, ಪಿಜಿಗೆ ಬಿಡ್ತೀನಿ’ ಅಂದಾಗ ಬೇರೆ ದಾರಿ ಕಾಣದೆ ಹಿಂದೆ ಹತ್ತಿ ಕೂತವರನ್ನು ನಾನು ಕಂಡಿದ್ದೇನೆ. ಸಿಗ್ನಲ್‌ನಲ್ಲಿ ನಿಂತಾಗೆಲ್ಲ ಅವರು ತಿರುಗಿ ಏನಾದರೂ ಕೇಳುತ್ತಾರೆ. ಹೆಲ್ಮೆಟ್ ಒಳಗಿನಿಂದ ಬಂದದ್ದು ಇವರಿಗೆ ಅರ್ಧ ಕೇಳುವುದಿಲ್ಲ, ಸುಮ್ಮನೆ ಹೂಂ ಅನ್ನುತ್ತಾರೆ. ಅವರು ಆ ಹೂಂ ಅನ್ನೇ ಹಿಡಿದುಕೊಳ್ಳುತ್ತಾರೆ. ಅದೂ ಅಲ್ಲದೆ, ಕಣ್ಣಲ್ಲಿ ನೀರು ತುಂಬಿಕೊಂಡವರು ಈ ಟ್ರಾಫಿಕ್‌ನಲ್ಲಿ ಗಾಡಿ ಓಡಿಸಬಾರದು. ಜಯನಗರದಿಂದ ರಾಜಾಜಿನಗರಕ್ಕೆ ಹಸಿರು ಮಾರ್ಗದಲ್ಲಿ ನೇರ ಮೆಟ್ರೋ ಇದೆ. ಅದರಲ್ಲೇ ಹೋಗಿ, ಅದರಲ್ಲೇ ಬನ್ನಿ.

ಮುಂಚೆ ಒಂದು ಮೆಸೇಜ್ ಕಳಿಸಿ, ಆದರೆ ಎರಡು ದಿನ ಮುಂಚೆ ಬೇಡ. ‘ಶನಿವಾರ ಸ್ವಲ್ಪ ಮಾತಾಡಬೇಕು’ ಅಂತ ಗುರುವಾರ ಕಳಿಸಿದರೆ ಎರಡು ರಾತ್ರಿ ಅವರು ನಿದ್ದೆ ಮಾಡುವುದಿಲ್ಲ. ಆ ದಿನವೇ, ಹೊರಡುವ ಮುಂಚೆ ಕಳಿಸಿ: ‘ಒಂದು ಗಂಟೆಯಲ್ಲಿ ಬರ್ತೀನಿ, ಮನೇಲೇ ಇರು. ನಮ್ಮಿಬ್ಬರ ವಿಷಯ ಮಾತಾಡೋದಿದೆ, ಗಂಭೀರವಾದ ವಿಷಯ.’ ಇಷ್ಟು ಎಚ್ಚರಿಕೆ ಇದ್ದರೆ ನೀವು ಬಾಗಿಲು ತಟ್ಟುವಾಗ ಅವರು ದೋಸೆ ತರಿಸಿಟ್ಟು ನಗುತ್ತಾ ನಿಂತಿರುವುದಿಲ್ಲ. ಫೋನ್ ಮಾಡಿ ‘ಏನು, ಬ್ರೇಕಪ್ಪಾ?’ ಅಂತ ನೇರವಾಗಿ ಕೇಳಿದರೆ ಸುಳ್ಳು ಹೇಳಬೇಡಿ. ‘ಹೌದು. ಆದರೆ ಫೋನಲ್ಲಿ ಮುಗಿಸೋ ಮಾತಲ್ಲ, ಬರ್ತಾ ಇದೀನಿ’ ಅನ್ನಿ.

ಹೋಗಿ ಕೂತ ಮೇಲೆ ಮೊದಲ ಎರಡು ನಿಮಿಷದಲ್ಲೇ ವಿಷಯ ಹೇಳಿಬಿಡಿ. ಟ್ರಾಫಿಕ್ಕು, ಮಳೆ, ಆಫೀಸು ಅಂತ ಇಪ್ಪತ್ತು ನಿಮಿಷ ಎಳೆದರೆ ಆ ಇಪ್ಪತ್ತು ನಿಮಿಷದ ನಗು ಆಮೇಲೆ ಅವರನ್ನು ಚುಚ್ಚುತ್ತದೆ. ಹೀಗೆ ಹೇಳಬಹುದು: ‘ನಿನಗೆ ನೋವಾಗೋ ವಿಷಯ ಹೇಳೋಕೆ ಬಂದಿದೀನಿ. ನಮ್ಮ ಸಂಬಂಧ ಇಲ್ಲಿಗೆ ನಿಲ್ಲಿಸಬೇಕು ಅಂತ ನಾನು ತೀರ್ಮಾನ ಮಾಡಿದೀನಿ. ಬಹಳ ಯೋಚನೆ ಮಾಡಿದೀನಿ, ಇದು ಬದಲಾಗಲ್ಲ.’ ಇಷ್ಟು ಹೇಳಿ ನಿಲ್ಲಿಸಿ. ‘ಅನ್ಸುತ್ತೆ’, ‘ಸದ್ಯಕ್ಕೆ’, ‘ಸ್ವಲ್ಪ ದಿನ ಗ್ಯಾಪ್ ತಗೊಳ್ಳೋಣ’, ‘ಮುಂದೆ ನೋಡೋಣ’ — ಈ ನಾಲ್ಕೂ ನಿಮ್ಮ ಬಾಯಿಂದ ಬರಬಾರದು. ನಿಮಗೆ ಅವು ಸೌಜನ್ಯದ ಮಾತು. ಅವರಿಗೆ ಅವು ಕಾಯಲು ಕೊಟ್ಟ ಅನುಮತಿ. ಮನೆಯಲ್ಲಿ ಒಬ್ಬರೇ ಇದ್ದಾಗ ಮೇಲಿನ ಮೂರು ವಾಕ್ಯಗಳನ್ನು ಜೋರಾಗಿ ಹೇಳಿ ಅಭ್ಯಾಸ ಮಾಡಿಕೊಳ್ಳಿ. ಮನಸ್ಸಿನಲ್ಲೇ ಹೇಳಿಕೊಂಡದ್ದು ಆ ಹೊತ್ತಿಗೆ ಬಾಯಿಗೆ ಬರುವುದಿಲ್ಲ.

ಹೇಳಿದ ಕೂಡಲೇ ಮೌನ ಬರುತ್ತದೆ. ನೀವು ತಪ್ಪುವುದು ಇಲ್ಲೇ. ಮೌನ ತಡೆಯಲಾರದೆ ‘ನೀನು ತುಂಬಾ ಒಳ್ಳೆಯವನು, ನನ್ನ ಅದೃಷ್ಟ ಸರಿಯಿಲ್ಲ, ನಿನ್ನಂಥವನು ಸಿಗಲ್ಲ’ ಅಂತ ಸುರಿಯಲು ಶುರು ಮಾಡುತ್ತೀರಿ. ಅವರಿಗೆ ಸಹಜವಾಗಿ ‘ಅಷ್ಟು ಒಳ್ಳೆಯವನಾದರೆ ಮತ್ಯಾಕೆ?’ ಅನಿಸುತ್ತದೆ. ಸುಮ್ಮನೆ ಕೂತಿರಿ. ಒಂದು ಲೋಟ ನೀರು ತಂದುಕೊಡಿ. ಮುಂದಿನ ಮಾತು ಅವರದ್ದಾಗಲಿ.

ಆಮೇಲೆ ಬರುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ ರೀತಿ ಇರುತ್ತವೆ. ಮೊದಲನೆಯದು ‘ನಾನೇನು ತಪ್ಪು ಮಾಡಿದೆ?’ ‘ನೀನು ತಪ್ಪು ಮಾಡಿದ್ದಕ್ಕೆ ಅಲ್ಲ. ನನ್ನ ಪ್ರೀತಿ ಉಳಿದಿಲ್ಲ’ ಅನ್ನಿ. ‘ಎಷ್ಟು ದಿನದಿಂದ?’ ಅಂತ ಕೇಳುತ್ತಾರೆ. ಇದಕ್ಕೆ ಸುಳ್ಳು ಹೇಳುವ ಆಸೆ ಆಗುತ್ತದೆ, ‘ಮೊನ್ನೆ ಮೊನ್ನೆ’ ಅಂತ. ಬೇಡ. ‘ಒಂದು ವರ್ಷದಿಂದ ಹೀಗೆ ಆಗ್ತಿತ್ತು. ಸರಿಹೋಗುತ್ತೆ ಅಂದುಕೊಂಡಿದ್ದೆ. ತೀರ್ಮಾನ ಮಾಡಿ ಎರಡು ತಿಂಗಳಾಯ್ತು. ಬೇಗ ಹೇಳಬೇಕಿತ್ತು, ಹೇಳಲಿಲ್ಲ. ಅದಕ್ಕೆ ಕ್ಷಮೆ ಕೇಳ್ತೀನಿ.’ ಗಮನಿಸಿ, ತಡ ಮಾಡಿದ್ದಕ್ಕೆ ಕ್ಷಮೆ ಕೇಳಿ. ಪ್ರೀತಿ ಹೋದದ್ದಕ್ಕೆ ಕ್ಷಮೆ ಕೇಳಬೇಡಿ. ಅದು ನೀವು ಮಾಡಿದ ಅಪರಾಧವಲ್ಲ, ಪದೇ ಪದೇ ಕ್ಷಮೆ ಕೇಳಿದರೆ ನಿಮ್ಮನ್ನು ಸಮಾಧಾನ ಮಾಡುವ ಕೆಲಸ ಅವರ ತಲೆಗೆ ಬರುತ್ತದೆ. ನಿಮಗೆ ಅಳು ಬಂದರೆ ಅಳಿ, ತಪ್ಪೇನಿಲ್ಲ. ಆದರೆ ಅವರು ನಿಮ್ಮ ಕಣ್ಣೀರು ಒರೆಸುವ ಹಂತಕ್ಕೆ ಹೋಗಬಾರದು.

‘ಬೇರೆ ಯಾರಾದ್ರೂ ಇದಾರಾ?’ ಅನ್ನುವುದು ಖಂಡಿತ ಬರುತ್ತದೆ. ಇಲ್ಲದಿದ್ದರೆ ‘ಇಲ್ಲ’ ಅನ್ನಿ, ಒಂದೇ ಸಲ, ಆಣೆ ಪ್ರಮಾಣ ಬೇಡ. ಇದ್ದರೆ ಇದ್ದಾರೆ ಅನ್ನಿ, ಯಾರು ಏನು ಅಂತ ವಿವರಕ್ಕೆ ಇಳಿಯಬೇಡಿ. ಈ ಊರು ದೊಡ್ಡದು ಅಂತ ಕಾಣುತ್ತದೆ, ಆದರೆ ಗೆಳೆಯರ ಬಳಗ ಚಿಕ್ಕದು. ಮೂರು ತಿಂಗಳಲ್ಲಿ ಬೇರೆಯವರ ಬಾಯಿಂದ ಕೇಳುವುದಕ್ಕಿಂತ ನಿಮ್ಮ ಬಾಯಿಂದ ಕೇಳುವುದು ಮೇಲು.

ಎಲ್ಲಕ್ಕಿಂತ ಕಷ್ಟದ್ದು ‘ಒಂದೇ ಒಂದು ತಿಂಗಳು ಕೊಡು’ ಅನ್ನುವುದು. ತಂಗಿ ಮದುವೆಯ ಹೆಸರಲ್ಲೂ ಇದು ಬರಬಹುದು: ‘ಮದುವೆವರೆಗಾದ್ರೂ ಇರು, ಅಮ್ಮನ ಮುಖ ನೋಡು.’ ನಿಮ್ಮ ಕರುಳು ಚುರುಕ್ ಅನ್ನುತ್ತದೆ. ಒಪ್ಪಿಕೊಂಡರೆ ಆ ಒಂದು ತಿಂಗಳು ಅವರು ಪರೀಕ್ಷೆಗೆ ಕೂತವರ ಹಾಗೆ ಬದುಕುತ್ತಾರೆ. ಪ್ರತಿ ಮಾತು ತೂಗಿ ಆಡುತ್ತಾರೆ. ನೀವು ಒಮ್ಮೆ ನಕ್ಕರೆ ಪಾಸು, ಸುಮ್ಮನಿದ್ದರೆ ಫೇಲು. ನಿಮಗೆ ಫಲಿತಾಂಶ ಮೊದಲೇ ಗೊತ್ತಿರುವಾಗ ಇನ್ನೊಬ್ಬರನ್ನು ಹಾಗೆ ಕೂರಿಸುವುದು ಕ್ರೌರ್ಯ. ‘ಒಂದು ತಿಂಗಳಾದ ಮೇಲೂ ನನ್ನ ಉತ್ತರ ಇದೇ ಇರುತ್ತೆ. ನಿನ್ನನ್ನ ಕಾಯಿಸೋಕೆ ನನಗೆ ಇಷ್ಟ ಇಲ್ಲ’ ಅನ್ನಿ. ಮತ್ತೆ ಕೇಳಿದರೆ ಅದೇ ಮಾತನ್ನು, ಅದೇ ಪದಗಳಲ್ಲಿ, ಅಷ್ಟೇ ಮೆಲ್ಲಗೆ ಹೇಳಿ. ಪ್ರತಿ ಸಲ ಹೊಸ ಕಾರಣ ಹುಡುಕಬೇಡಿ. ಹೊಸ ಕಾರಣ ಕೊಟ್ಟರೆ ಹಳೆಯದು ಸಾಲಲಿಲ್ಲ ಅಂತ ಅರ್ಥ ಬರುತ್ತದೆ.

‘ಫ್ರೆಂಡ್ಸ್ ಆಗಿಯಾದ್ರೂ ಇರೋಣ’ ಅಂತ ಅವರು ಕೇಳಿದರೂ, ನಿಮಗೇ ಹೇಳಬೇಕು ಅನಿಸಿದರೂ, ಆ ದಿನ ಆ ಮಾತು ಬೇಡ. ಮುಂದೆ ಗೆಳೆತನ ಆಗಬಾರದು ಅಂತಲ್ಲ. ಆ ದಿನ ಅವರಿಗೆ ಬೇಕಿರುವುದು ಗೆಳೆತನ ಅಲ್ಲ, ನಿಮ್ಮ ಹತ್ತಿರ ಇರಲು ಯಾವುದಾದರೂ ಒಂದು ನೆಪ. ‘ಈಗ ಮಾತು ಕೊಡೋಕೆ ಆಗಲ್ಲ. ಸ್ವಲ್ಪ ಕಾಲ ನಾವು ಮಾತಾಡದೆ ಇರೋದೇ ಇಬ್ಬರಿಗೂ ಒಳ್ಳೇದು’ ಅಂದರೆ ಸಾಕು. ಅಪ್ಪಿಕೊಂಡು ಅತ್ತರೆ ದೂಡಬೇಡಿ. ಆದರೆ ‘ಇವತ್ತೊಂದು ದಿನ ಇಲ್ಲೇ ಇರು’ ಅಂದರೆ ಉಳಿಯಬೇಡಿ, ಹಳೆಯ ಸಲಿಗೆಗೆ ಜಾರಬೇಡಿ. ನೀವು ಅದನ್ನು ವಿದಾಯ ಅಂದುಕೊಳ್ಳುತ್ತೀರಿ, ಅವರು ಬೆಳಿಗ್ಗೆ ಎದ್ದು ಎಲ್ಲಾ ಸರಿಹೋಯ್ತು ಅಂದುಕೊಳ್ಳುತ್ತಾರೆ.

ಎಷ್ಟು ಹೊತ್ತು ಇರಬೇಕು? ಮುಕ್ಕಾಲು ಗಂಟೆಯಿಂದ ಒಂದೂವರೆ ಗಂಟೆ ಸಾಮಾನ್ಯವಾಗಿ ಸಾಕು. ಗಡಿಯಾರ ನೋಡಬೇಕಿಲ್ಲ. ಹೊಸ ಪ್ರಶ್ನೆ ನಿಂತು, ಕೇಳಿದ್ದನ್ನೇ ಮೂರನೇ ಸಲ ಕೇಳಲು ಶುರು ಮಾಡಿದರೆ ಹೊರಡುವ ಹೊತ್ತಾಯಿತು. ಅಲ್ಲಿಂದ ಮುಂದೆ ಅದು ಬರೀ ಚೌಕಾಸಿ. ಹೊರಡುವ ಮುಂಚೆ ‘ಇವತ್ತು ಯಾರನ್ನ ಕರೀತೀಯ?’ ಅಂತ ಕೇಳಿ. ಆ ಗೆಳೆಯನೋ ಅಣ್ಣನೋ ಬರುತ್ತಾನೆ ಅಂತ ಖಚಿತವಾದರೆ ಸಮಾಧಾನದಿಂದ ಎದ್ದು ಬನ್ನಿ.

‘ನೀನು ಹೋದ್ರೆ ನಾನು ಬದುಕಲ್ಲ’ ಅನ್ನುವ ಮಾತು ಬಂದರೆ ನಾಟಕ ಅಂತ ತಳ್ಳಿಹಾಕಬೇಡಿ. ಹೆದರಿ ತೀರ್ಮಾನವನ್ನೂ ಬದಲಿಸಬೇಡಿ. ಅವರನ್ನು ಒಬ್ಬರನ್ನೇ ಬಿಡಬೇಡಿ, ಆದರೆ ಜೊತೆಗೆ ಇರುವವರು ನೀವೇ ಆಗಬೇಕಿಲ್ಲ. ಜೊತೆ ವಾಸವಿರುವ ಗೆಳೆಯನಿಗೆ ಅಲ್ಲೇ ಫೋನ್ ಮಾಡಿ, ಇದ್ದದ್ದನ್ನು ಇದ್ದ ಹಾಗೆ ಹೇಳಿ, ಅವನು ಬರುವವರೆಗೆ ಇರಿ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಅಪಾಯ ಕಣ್ಣೆದುರೇ ಇದ್ದರೆ 112ಕ್ಕೆ ಕರೆ ಮಾಡಿ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ತುರ್ತು ವಿಭಾಗವೂ ಇದೆ. ನಿಮ್ಮವರು ಗದರಿದವರೇ ಅಲ್ಲ ಅಂತ ಬರೆದಿದ್ದೀರಿ, ಅದಕ್ಕೇ ಮನೆಗೆ ಹೋಗಿ ಅಂದೆ. ಇದನ್ನು ಓದುವ ಬೇರೆ ಯಾರಿಗಾದರೂ ಹೊಡೆತ, ಬೆದರಿಕೆ, ಹಿಂಬಾಲಿಸುವ ಚಾಳಿ ಇರುವ ಸಂಗಾತಿ ಇದ್ದರೆ ಈ ಸಲಹೆ ಅವರಿಗಲ್ಲ. ಅವರು ಒಂಟಿಯಾಗಿ ಹೋಗಲೇಬಾರದು. ಫೋನಿನಲ್ಲಿ ಹೇಳಿ, ಮುಂಚೆಯೇ ಮನೆಯವರಿಗೆ ತಿಳಿಸಿರಿ.

ಇನ್ನು ಆ 40 ಸಾವಿರ. ಇದನ್ನು ಜನ ಹಗುರವಾಗಿ ತಗೊಳ್ಳುತ್ತಾರೆ, ನನಗೆ ಮಾತ್ರ ಇದು ದೊಡ್ಡ ವಿಷಯ. ಮಾತಿನ ಕೊನೆಯಲ್ಲಿ ನೀವೇ ಎತ್ತಿ: ‘ನಿನಗೆ 40 ಸಾವಿರ ಕೊಡಬೇಕು, ಇಂಥ ತಾರೀಕಿನೊಳಗೆ ಹಾಕ್ತೀನಿ.’ ಆಗುವುದಾದರೆ ಒಂದೇ ಕಂತಿನಲ್ಲಿ ತೀರಿಸಿ. ತಿಂಗಳಿಗೆ ಐದು ಸಾವಿರದಂತೆ ಎಂಟು ಕಂತು ಮಾಡಿಕೊಂಡರೆ, ಎಂಟು ತಿಂಗಳು ಪ್ರತಿ ಒಂದನೇ ತಾರೀಕು ಅವರ ಫೋನಿನಲ್ಲಿ ನಿಮ್ಮ ಹೆಸರು ಬರುತ್ತದೆ. ಅವರು ‘ಸಿಕ್ತು, ಥ್ಯಾಂಕ್ಸ್’ ಅನ್ನುತ್ತಾರೆ, ನೀವು ‘ಹೇಗಿದೀಯ’ ಅನ್ನುತ್ತೀರಿ. ಬೇಕಾದರೆ ಅಣ್ಣನ ಹತ್ತಿರವೋ ಗೆಳತಿಯ ಹತ್ತಿರವೋ ಸಾಲ ಮಾಡಿ ಇದನ್ನು ಮುಗಿಸಿ, ಕಂತು ಅವರಿಗೆ ಕಟ್ಟಿ. ಹಣ ಹಾಕುವಾಗ ಷರಾ ಜಾಗದಲ್ಲಿ ‘ಸಾಲ ಪೂರ್ತಿ’ ಅಂತ ಮಾತ್ರ ಬರೆಯಿರಿ. ಅವರ ಮನೆ ಬೀಗದ ಕೈ, ಪುಸ್ತಕ, ಚಾರ್ಜರ್ ಏನಿದ್ದರೂ ಆ ಶನಿವಾರವೇ ಚೀಲದಲ್ಲಿ ತೆಗೆದುಕೊಂಡು ಹೋಗಿ, ಹೊರಡುವಾಗ ಕೊಡಿ. ಮೊದಲೇ ಚೀಲ ಮುಂದಿಡಬೇಡಿ. ಫೋನಿನಲ್ಲಿ ಒಬ್ಬರಿಗೊಬ್ಬರು ಲೊಕೇಶನ್ ತೋರಿಸುವ ವ್ಯವಸ್ಥೆ ಇಟ್ಟುಕೊಂಡಿದ್ದರೆ ಆ ಸಂಜೆಯೇ ನಿಲ್ಲಿಸಿ.

ಮೆಸೇಜುಗಳು ಬರುತ್ತವೆ. ಮೊದಲ ವಾರ ಬಹಳ ಬರುತ್ತವೆ. ಹತ್ತಕ್ಕೆ ಉತ್ತರಿಸದೆ ಸುಮ್ಮನಿದ್ದು, ಹನ್ನೊಂದನೆಯದಕ್ಕೆ ಕರುಣೆಯಿಂದ ‘ಊಟ ಆಯ್ತಾ’ ಅಂತ ಕಳಿಸಬೇಡಿ. ಬಿ. ಎಫ್. ಸ್ಕಿನ್ನರ್ ಅನ್ನುವ ಮನಶ್ಶಾಸ್ತ್ರಜ್ಞರು ಪ್ರಯೋಗದಿಂದ ತೋರಿಸಿದ ಸಂಗತಿ ಇದು: ಪ್ರತಿ ಸಲ ಸಿಗುವ ಫಲಕ್ಕಿಂತ, ಯಾವಾಗಲೋ ಒಮ್ಮೆ, ಯಾವಾಗ ಅಂತ ಗೊತ್ತಿಲ್ಲದೆ ಸಿಗುವ ಫಲ ಬಿಡಲಾರದ ಅಭ್ಯಾಸ ಹಚ್ಚುತ್ತದೆ. ಅದು ನಿಂತ ಮೇಲೂ ಪ್ರಯತ್ನ ಬಹಳ ಕಾಲ ನಿಲ್ಲುವುದಿಲ್ಲ. ನಿಮ್ಮ ಆ ಒಂದು ‘ಊಟ ಆಯ್ತಾ’ ಅವರಿಗೆ ಇನ್ನೂ ಹತ್ತು ಮೆಸೇಜು ಕಳಿಸುವುದನ್ನು ಕಲಿಸುತ್ತದೆ. ಹಾಗಂತ ಒಂದು ಮಾತೂ ಇಲ್ಲದೆ ನಂಬರ್ ಬ್ಲಾಕ್ ಮಾಡಿ ಮಾಯವಾಗುವುದೂ ಸರಿಯಲ್ಲ. ಒಂದೇ ಉತ್ತರ ಬರೆಯಿರಿ: ‘ನಿನ್ನ ಮೆಸೇಜ್ ಓದಿದೆ. ನನ್ನ ತೀರ್ಮಾನ ಬದಲಾಗಿಲ್ಲ. ಇನ್ನು ಮೂರು ತಿಂಗಳು ಉತ್ತರ ಕೊಡಲ್ಲ. ಸಿಟ್ಟಿನಿಂದ ಅಲ್ಲ, ನಿನಗೆ ಆಸೆ ಹುಟ್ಟಿಸಬಾರದು ಅಂತ.’ ಆಮೇಲೆ ಆ ಮಾತಿಗೆ ನಿಲ್ಲಿ. ಹುಟ್ಟುಹಬ್ಬಕ್ಕೂ, ಯುಗಾದಿಗೂ ಬೇಡ. ಸಾಯುವ ಮಾತು ಬಂದರೆ ಮಾತ್ರ ಆ ನಿಯಮ ಬದಿಗಿಟ್ಟು ಅವರ ಗೆಳೆಯನಿಗೆ ತಕ್ಷಣ ಫೋನ್ ಮಾಡಿ.

ಕೊನೆಗೆ ಅವರಮ್ಮ. ಮನೆಯಲ್ಲಿ ವಿಷಯ ಹೇಳುವ ಹಕ್ಕು ಮಗನದು. ಹೇಗೆ, ಯಾವಾಗ, ಮದುವೆಗೆ ಮುಂಚೆಯೋ ಆಮೇಲೋ ಅನ್ನುವುದನ್ನು ಅವರೇ ತೀರ್ಮಾನಿಸಲಿ. ‘ಮನೇಲಿ ನೀನೇ ಹೇಳು. ಏನು ಹೇಳಿದೆ ಅಂತ ನನಗೆ ಒಂದು ಮೆಸೇಜ್ ಮಾಡು, ನಾನು ಅದಕ್ಕೆ ವಿರುದ್ಧ ಏನೂ ಹೇಳಲ್ಲ’ ಅನ್ನಿ. ಆದರೆ ‘ಅವಳಿಗೆ ರಜ ಸಿಗಲಿಲ್ಲ, ಅದಕ್ಕೆ ಮದುವೆಗೆ ಬರ್ತಿಲ್ಲ’ ಅಂತ ಅವರು ಅಮ್ಮನಿಗೆ ಹೇಳಿದ್ದರೆ, ಅದನ್ನು ಉಳಿಸಲು ನೀವು ಫೋನಿನಲ್ಲಿ ಸೊಸೆಯ ಪಾತ್ರ ಮಾಡಬೇಕಿಲ್ಲ. ಮದುವೆವರೆಗೆ ಫೋನ್ ಎತ್ತದಿದ್ದರೂ ನಡೆಯುತ್ತದೆ. ಅವರಿಗೆ ವಿಷಯ ಗೊತ್ತಾಗಿದೆ ಅಂತ ತಿಳಿದ ಮೇಲೆ, ಮಗ ಬೇಡ ಅನ್ನದಿದ್ದರೆ, ನೀವಾಗಿಯೇ ಒಂದು ಸಲ ಕರೆ ಮಾಡಿ. ‘ಆಂಟಿ, ನಿಮಗೆ ಬೇಜಾರಾಗಿದೆ ಅಂತ ಗೊತ್ತು. ನೀವು ನನ್ನನ್ನ ಮಗಳ ಥರ ನೋಡಿಕೊಂಡ್ರಿ, ಅದನ್ನ ಮರೆಯಲ್ಲ. ಇದು ನನ್ನ ತೀರ್ಮಾನ, ಅವನ ತಪ್ಪು ಏನೂ ಇಲ್ಲ.’ ಅವರು ಬೈಯಬಹುದು. ಬೈಸಿಕೊಳ್ಳಿ, ಎದುರು ಹೇಳಬೇಡಿ. ‘ಒಂದು ಸಲ ಮನೆಗೆ ಬಾ, ಕೂತು ಮಾತಾಡೋಣ’ ಅಂದರೆ ‘ಇಲ್ಲ ಆಂಟಿ, ಬಂದರೆ ಅವನಿಗೆ ಇನ್ನೂ ಕಷ್ಟ ಆಗುತ್ತೆ’ ಅಂತ ಹೇಳಿ ಫೋನ್ ಇಡಿ.